ಇಬ್ಬರಿಗೂ ವಾರಕ್ಕೆ ಒಂದು ಕೆಜಿ ಅಂತ ಗುರಿ ಇಟ್ಟು ನಾನು ಕಲಿತದ್ದು

ಎರಡು ವರ್ಷದ ಹಿಂದೆ ಯುಗಾದಿ ಕಳೆದ ಮೇಲೆ ನಾನೂ ನಮ್ಮ ಮನೆಯವರೂ ತೂಕ ಇಳಿಸಲು ಶುರು ಮಾಡಿದೆವು. ಆಗ ಅವರು 96 ಕೆಜಿ, ನಾನು 64. ವಾರಕ್ಕೆ ಅರ್ಧದಿಂದ ಒಂದು ಕೆಜಿ ಇಳಿದರೆ ತೊಂದರೆಯಿಲ್ಲ ಎಂದು ಓದಿದ್ದೆವು. ಇಬ್ಬರಿಗೂ ಒಂದು ಕೆಜಿ ಇರಲಿ ಅಂದುಕೊಂಡೆವು.

ಮೊದಲ ವಾರ ನನಗೆ 1.8 ಕೆಜಿ ಇಳಿಯಿತು. ತುಂಬಾ ಖುಷಿಯಾಯಿತು. ಅದರಲ್ಲಿ ಹೆಚ್ಚಿನದು ನೀರು ಎಂದು ಆಗ ಗೊತ್ತಿರಲಿಲ್ಲ. ಅನ್ನ, ಮುದ್ದೆಯಿಂದ ಬಂದ ಸಕ್ಕರೆಯಲ್ಲಿ ಸ್ವಲ್ಪವನ್ನು ದೇಹ ಲಿವರ್‌ನಲ್ಲೂ ಸ್ನಾಯುಗಳಲ್ಲೂ ಕೂಡಿಡುತ್ತದೆ. ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರೂ ಇರುತ್ತದೆ. ಊಟ ಕಮ್ಮಿ ಮಾಡಿದ ತಕ್ಷಣ ಮೊದಲು ಖಾಲಿಯಾಗುವುದು ಅದೇ. ಹಾಗಾಗಿ ಎರಡನೇ ವಾರ ಬರೀ 400 ಗ್ರಾಂ ಇಳಿಯಿತು. ನಾನು ಗಾಬರಿಯಾಗಿ ರಾತ್ರಿ ಊಟವನ್ನೇ ಬಿಟ್ಟೆ.

ಎಂಟು ವಾರಕ್ಕೆ 58.5 ಕೆಜಿಗೆ ಬಂದೆ. ಅಷ್ಟರಲ್ಲಿ ಮೆಟ್ಟಿಲು ಹತ್ತಿದರೆ ತೊಡೆ ನಡುಗುತ್ತಿತ್ತು, ಬಿಸಿಲಲ್ಲೂ ಕೈ ತಣ್ಣಗಿರುತ್ತಿತ್ತು. ಮೂರನೇ ತಿಂಗಳಲ್ಲಿ ಬಾಚಣಿಗೆ ತುಂಬ ಕೂದಲು. ಡಾಕ್ಟರ್ ಥೈರಾಯ್ಡ್, ಹಿಮೋಗ್ಲೋಬಿನ್ ಎರಡೂ ನೋಡಿದರು. ಸರಿಯಾಗಿಯೇ ಇದ್ದವು. ಆಮೇಲೆ "ವಾರಕ್ಕೆ ಎಷ್ಟು ಇಳಿಸಿದಿರಮ್ಮ?" ಅಂತ ಕೇಳಿದರು. ಬೇಗ ತೂಕ ಇಳಿದರೆ ಎರಡು ಮೂರು ತಿಂಗಳ ನಂತರ ಕೂದಲು ಉದುರುವುದು ಸಾಮಾನ್ಯವಂತೆ. ವಾರಕ್ಕೆ ಒಂದೂವರೆ ಕೆಜಿಗಿಂತ ಜಾಸ್ತಿ ಇಳಿಯುತ್ತಾ ಹೋದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಹೆಚ್ಚು ಎಂದರು.

ನಮ್ಮ ಮನೆಯವರಿಗೆ ಇದ್ಯಾವುದೂ ಆಗಲಿಲ್ಲ. ಯಾಕೆ ಅಂತ ಕೂತು ಲೆಕ್ಕ ಹಾಕಿದೆ. ಒಂದು ಕೆಜಿ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಕಮ್ಮಿಯಾಗಬೇಕು, ಅಂದರೆ ದಿನಕ್ಕೆ 1,100. ಅವರ ದೇಹ ದಿನಕ್ಕೆ ಸುಮಾರು 2,600 ಖರ್ಚು ಮಾಡುತ್ತದೆ. 1,100 ಕಳೆದರೂ ತಿನ್ನಲು 1,500 ಉಳಿಯುತ್ತದೆ. ನನ್ನ ಖರ್ಚೇ 1,700. ನನಗೆ ಉಳಿಯುವುದು 600. ಅಷ್ಟರಲ್ಲಿ ಯಾರು ಬದುಕುತ್ತಾರೆ ಹೇಳಿ? ಅದೇ ಒಂದು ಕೆಜಿ ಅವರ ತೂಕದಲ್ಲಿ ಶೇ. 1, ನನ್ನದರಲ್ಲಿ ಶೇ. 1.5ಕ್ಕಿಂತ ಜಾಸ್ತಿ. ಕೊರತೆ ದೊಡ್ಡದಾದಷ್ಟೂ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ನನ್ನ ತೊಡೆ ನಡುಗಿದ್ದು ಅದಕ್ಕೇ ಇರಬೇಕು.

ನಂತರ ಊಟ ಮೊದಲಿನಂತಾಯಿತು, ತೂಕ 63ಕ್ಕೆ ವಾಪಸ್ ಬಂತು. ಎರಡನೇ ಸಲ ಕೆಜಿ ಲೆಕ್ಕ ಬಿಟ್ಟೆ. ವಾರಕ್ಕೆ ಇಳಿಯುವುದು ತೂಕದ ಶೇ. 0.5 ರಿಂದ 1 ರ ಒಳಗೆ ಇರಬೇಕು, ತೂಕ ಕಮ್ಮಿ ಇರುವವರು ಕೆಳಗಿನ ತುದಿ ಹಿಡಿಯಬೇಕು. ನಾನು 0.5 ಹಿಡಿದೆ. 63ಕ್ಕೆ ಅದು ಸುಮಾರು 315 ಗ್ರಾಂ, ದಿನಕ್ಕೆ 350 ಕ್ಯಾಲೊರಿ ಕೊರತೆ. ರಾತ್ರಿಯ ಅನ್ನ ಒಂದು ಬಟ್ಟಲು ಬಿಟ್ಟೆ. ಒಗ್ಗರಣೆಗೆ ಹಾಕುವ ಎಣ್ಣೆಯಲ್ಲಿ ನನ್ನ ಪಾಲಿಗೆ ದಿನಕ್ಕೆ ಒಂದು ದೊಡ್ಡ ಚಮಚ ಉಳಿಸಿದೆ. ಕಾಫಿಗೆ ಸಕ್ಕರೆ ನಿಲ್ಲಿಸಿದೆ. ಅಲ್ಲಿಗೆ ಹೆಚ್ಚುಕಮ್ಮಿ ಲೆಕ್ಕ ಸರಿಹೋಯಿತು. ಮಧ್ಯಾಹ್ನದ ಅನ್ನ ಸ್ವಲ್ಪ ತಗ್ಗಿಸಿ ಹುರುಳಿಕಾಳು ಅಥವಾ ಮೊಟ್ಟೆ ಸೇರಿಸಿದೆ, ಸ್ನಾಯು ಉಳಿಯಲಿ ಅಂತ.

315 ಗ್ರಾಂ ಅನ್ನುವುದು ಮಾಪಕದಲ್ಲಿ ಕಾಣಿಸುವುದೇ ಕಷ್ಟ. ಒಂದು ಸೋಮವಾರ 62.4 ಇತ್ತು. ಮದುವೆ ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳ ತಿಂದು ಬಂದೆ, ಬುಧವಾರ 63.3. ಎರಡು ದಿನದಲ್ಲಿ 900 ಗ್ರಾಂ ಕೊಬ್ಬು ಸೇರಲು ನನ್ನ ಖರ್ಚಿನ ಮೇಲೆ ಸುಮಾರು 7,000 ಕ್ಯಾಲೊರಿ ತಿಂದಿರಬೇಕು. ಅದು ಉಪ್ಪು ಹಿಡಿದಿಟ್ಟ ನೀರು ಅಷ್ಟೇ. ಮುಟ್ಟಿನ ಮುಂಚಿನ ವಾರವೂ ಹೀಗೇ ಏರುತ್ತದೆ. ಆದ್ದರಿಂದ ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದ ಮೇಲೆ, ಏನೂ ಕುಡಿಯುವ ಮೊದಲು ತೂಕ ನೋಡಿ ಬರೆದಿಡುತ್ತಿದ್ದೆ. ಏಳು ದಿನದ ಸರಾಸರಿ ತೆಗೆದು ನಾಲ್ಕು ವಾರ ಹಿಂದಿನ ಸರಾಸರಿಯ ಜೊತೆ ಹೋಲಿಸುತ್ತಿದ್ದೆ. ಮೊದಲ ಸಲ 63.0 ಇದ್ದದ್ದು 61.7 ಆಗಿತ್ತು. ವಾರಕ್ಕೆ 325 ಗ್ರಾಂ, ಶೇ. 0.5ರ ಹತ್ತಿರ. ಸರಾಸರಿಯೇ ಎರಡು ವಾರ ಒಂದೇ ಸಮ ಶೇ. 1 ದಾಟಿದರೆ ಅರ್ಧ ಮುದ್ದೆ ಜಾಸ್ತಿ ತಿನ್ನುವುದು ಅಂತ ನಿಯಮ ಇಟ್ಟುಕೊಂಡಿದ್ದೆ.

ಒಟ್ಟು ಗುರಿಯನ್ನೂ ಶೇಕಡಾದಲ್ಲೇ ಇಟ್ಟೆ. ತೂಕದ ಶೇ. 5 ಇಳಿದರೂ ಬಿಪಿ, ಸಕ್ಕರೆ ಸುಧಾರಿಸಲು ಶುರುವಾಗುತ್ತದೆ ಎಂದು ಡಾಕ್ಟರ್ ಹೇಳಿದ್ದರು. ನನಗೆ ಅದು ಮೂರು ಕೆಜಿ ಚಿಲ್ಲರೆ. ಹತ್ತು ವಾರ ಅಂದುಕೊಂಡಿದ್ದೆ, ಹದಿನಾಲ್ಕು ಹಿಡಿಯಿತು. ಕೂದಲು ಉದುರಲಿಲ್ಲ.

ಆಮೇಲೆ ನಮ್ಮ ಮನೆಯವರೂ ಒಂದು ಕೆಜಿ ಗುರಿ ಬಿಟ್ಟು ಶೇ. 0.8 ಹಿಡಿದರು. 96 ಕೆಜಿಗೆ ಲೆಕ್ಕ ಹಾಕಿದರೆ ಅದು ವಾರಕ್ಕೆ 770 ಗ್ರಾಂ, 84ಕ್ಕೆ 670. ಗುರಿಯೇ ತಾನಾಗಿ ಚಿಕ್ಕದಾಗುವುದರಿಂದ "ಯಾಕೋ ನಿಧಾನ ಆಯ್ತು" ಅಂತ ಊಟ ಬಿಡಲು ಹೋಗಲಿಲ್ಲ. ಅವರಿಗೆ ಬಂದ ತೊಂದರೆ ಬೇರೆ. ಕೂತು ಎದ್ದರೆ ತಲೆ ಸುತ್ತುತ್ತಿತ್ತು. ತೂಕ ಇಳಿದಂತೆ ಬಿಪಿಯೂ ಇಳಿದಿತ್ತು, ಮಾತ್ರೆ ಮಾತ್ರ ಹಳೆಯ ಪ್ರಮಾಣದಲ್ಲೇ ಇತ್ತು. ಡಾಕ್ಟರ್ ಅದನ್ನು ಅರ್ಧಕ್ಕೆ ಇಳಿಸಿದರು. ಬಿಪಿ, ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಗ್ಗಿಸುವ ಮೊದಲೇ ತಮ್ಮ ಡಾಕ್ಟರ ಹತ್ತಿರ ಮಾತಾಡಿ. ಗರ್ಭಿಣಿಯರು, ಮಕ್ಕಳು ಈ ಲೆಕ್ಕ ಹಿಡಿಯಲೇಬಾರದು.