ವೇಬ್ರಿಡ್ಜ್‌ನಿಂದ ಟ್ಯಾಲಿಗೆ: ಒಂದು ಲಿಂಕ್ಡ್‌ಇನ್ ಪೋಸ್ಟ್ ಬರೆದ ಬಗೆ

ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಕೋಳಿ ಆಹಾರದ ಕಾರ್ಖಾನೆಗೆ ನಮ್ಮ ಸಣ್ಣ ಸಾಫ್ಟ್‌ವೇರ್ ಕಂಪನಿ ಮಾಡಿಕೊಟ್ಟ ಇಂಟಿಗ್ರೇಷನ್ ಬಗ್ಗೆ ಲಿಂಕ್ಡ್‌ಇನ್‌ನಲ್ಲಿ ಹಾಕಿದ ಪೋಸ್ಟನ್ನು ಹೇಗೆ ಬರೆದೆ ಎಂಬುದು ಇಲ್ಲಿದೆ. ಪೋಸ್ಟ್ ಇರುವುದು ಇಪ್ಪತ್ತು ಸಾಲಿನೊಳಗೆ. ಆದರೆ ಆ ಸಾಲುಗಳಲ್ಲಿ ಏನು ಹೇಳಬಹುದು, ಏನು ಹೇಳಬಾರದು ಎಂಬುದನ್ನು ತೀರ್ಮಾನಿಸಲು ಕೆಲಸದ ಲಾಗ್ ಫೈಲನ್ನೇ ಬಿಚ್ಚಿ ಕೂರಬೇಕಾಯಿತು.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಮುಸುಕಿನ ಜೋಳ ತುಂಬಿದ ಲಾರಿ ವೇಬ್ರಿಡ್ಜ್ ಮೇಲೆ ನಿಲ್ಲುತ್ತದೆ, ಮಾಲು ಇಳಿಸಿ ಖಾಲಿಯಾಗಿ ಇನ್ನೊಮ್ಮೆ ನಿಲ್ಲುತ್ತದೆ. ತುಂಬಿದ ತೂಕ 24,380 ಕೆ.ಜಿ., ಖಾಲಿ ತೂಕ 8,920 ಕೆ.ಜಿ. ಎಂದಾದರೆ ಮಾಲು 15,460 ಕೆ.ಜಿ. ಈ ಅಂಕಿ ಚೀಟಿಯಲ್ಲಿ ಅಚ್ಚಾಗಿ ಅಕೌಂಟ್ಸ್ ಕೋಣೆಗೆ ಹೋಗಿ, ಅಲ್ಲಿ ಮತ್ತೊಮ್ಮೆ ಟ್ಯಾಲಿಗೆ ಟೈಪ್ ಆಗುತ್ತಿತ್ತು. ಈಗ ತೂಕದ ಇಂಡಿಕೇಟರ್‌ನ ಸೀರಿಯಲ್ ಪೋರ್ಟ್‌ನಿಂದ ನಮ್ಮ ಪ್ರೋಗ್ರಾಂ ಅಂಕಿಯನ್ನು ಓದುತ್ತದೆ, ಅದು ಅಲುಗಾಡದೆ ನಿಂತ ಮೇಲೆ ಮಾತ್ರ ಹಿಡಿಯುತ್ತದೆ, ಎರಡನೇ ತೂಕ ಆದ ಕೂಡಲೇ ಎಕ್ಸ್‌ಎಂಎಲ್ ರೂಪದಲ್ಲಿ ಟ್ಯಾಲಿಯ 9000ನೇ ಪೋರ್ಟ್‌ಗೆ ಕಳಿಸುತ್ತದೆ. ಅಷ್ಟೇ. ದೊಡ್ಡ ವಿದ್ಯೆಯೇನಲ್ಲ, ಆದರೆ ದಿನವೂ ನಡೆಯಬೇಕಾದ ಕೆಲಸ.

ನಾನು ಮೊದಲು ಬರೆದ ಸಾಲು ಹೀಗಿತ್ತು:

> ಪ್ರತಿಷ್ಠಿತ ಆಹಾರ ಸಂಸ್ಥೆಯೊಂದಿಗೆ ನಮ್ಮ ಪಾಲುದಾರಿಕೆಯನ್ನು ಘೋಷಿಸಲು ಹೆಮ್ಮೆಪಡುತ್ತೇವೆ. ರಿಯಲ್ ಟೈಮ್, ದೋಷರಹಿತ ಏಕೀಕರಣದ ಮೂಲಕ ಅವರ ವ್ಯವಹಾರವನ್ನು ಹೊಸ ಎತ್ತರಕ್ಕೆ ಒಯ್ಯುವ ನಮ್ಮ ಅಳಿಲು ಸೇವೆ.

ಇದರಲ್ಲಿ ಹೆಚ್ಚುಕಡಿಮೆ ಪ್ರತಿ ಪದವೂ ತಪ್ಪು. ‘ಪಾಲುದಾರಿಕೆ’ ಅಲ್ಲ, ಅವರು ದುಡ್ಡು ಕೊಟ್ಟು ಕೆಲಸ ಮಾಡಿಸಿಕೊಂಡ ಗ್ರಾಹಕರು. ಆ ಪದ ಕಂಡರೆ ಅವರ ಯಜಮಾನರೇ ಫೋನ್ ಮಾಡಿ ‘ಯಾವಾಗಿಂದ ಪಾಲು?’ ಎಂದು ಕೇಳಿದರೂ ಆಶ್ಚರ್ಯವಿಲ್ಲ. ‘ಏಕೀಕರಣ’ ಎಂದರೆ ನಮ್ಮಲ್ಲಿ ಎಲ್ಲರಿಗೂ ನೆನಪಾಗುವುದು 1956. ‘ಜೋಡಣೆ’ ಸಾಕು, ಇಲ್ಲವೇ ಎಲ್ಲರೂ ಆಡುವ ‘ಇಂಟಿಗ್ರೇಷನ್’ ಇದೆ. ಇನ್ನು ‘ಅಳಿಲು ಸೇವೆ’. ವಿನಯ ತೋರಿಸಬೇಕೆಂದಾಗ ಕನ್ನಡದಲ್ಲಿ ಕೈಗೆ ಮೊದಲು ಸಿಗುವ ಮಾತುಗಳು ಇವೇ: ಅಳಿಲು ಸೇವೆ, ಕಿರು ಪ್ರಯತ್ನ, ತಮ್ಮೆಲ್ಲರ ಆಶೀರ್ವಾದದಿಂದ. ಇವು ಅಂಗಡಿ ಉದ್ಘಾಟನೆಯ ಆಮಂತ್ರಣಕ್ಕೆ ಹೊಂದುತ್ತವೆ. ವ್ಯಾಪಾರದ ಪೋಸ್ಟ್‌ನಲ್ಲಿ ಅದೇ ಮಾತು ‘ಇವರಿಗೇ ಇವರ ಕೆಲಸದ ಮೇಲೆ ನಂಬಿಕೆ ಇಲ್ಲವೇನೋ’ ಅನ್ನಿಸುತ್ತದೆ. ಅದರ ಪಕ್ಕದಲ್ಲೇ ‘ಹೊಸ ಎತ್ತರ’ ಇದ್ದರಂತೂ ಒಂದೇ ಸಾಲಿನಲ್ಲಿ ಜಂಭವೂ ದೈನ್ಯವೂ ಕೂತಂತೆ.

ಆತ್ಮವಿಶ್ವಾಸಕ್ಕೂ ವಿನಯಕ್ಕೂ ಬೇರೆ ಬೇರೆ ಪದ ಹುಡುಕುವುದನ್ನು ನಾನು ಅಲ್ಲಿಗೆ ಬಿಟ್ಟೆ. ಏನು ನಡೆಯುತ್ತಿದೆ ಎಂದು ನೇರವಾಗಿ ಹೇಳಿದರೆ ಮೊದಲನೆಯದು ಬರುತ್ತದೆ. ಏನು ಇನ್ನೂ ಆಗಿಲ್ಲ ಎಂದು ಅಷ್ಟೇ ನೇರವಾಗಿ ಹೇಳಿದರೆ ಎರಡನೆಯದು ಬರುತ್ತದೆ. ಹಾಗಾಗಿ ಪ್ರತಿ ವಾಕ್ಯವನ್ನೂ ಲಾಗ್ ಜೊತೆ ತಾಳೆ ನೋಡಿದೆ.

‘ರಿಯಲ್ ಟೈಮ್’ ಮೊದಲು ಬಿತ್ತು. ಆ ಕಂಪ್ಯೂಟರ್‌ನಲ್ಲಿ ಟ್ಯಾಲಿ ತೆರೆದಿದ್ದು, ಸರಿಯಾದ ಕಂಪನಿ ಲೋಡ್ ಆಗಿದ್ದರೆ ಮಾತ್ರ ಚೀಟಿ ಒಳಗೆ ಹೋಗುತ್ತದೆ. ಕರೆಂಟ್ ಹೋದರೆ, ಅಕೌಂಟೆಂಟ್ ಟ್ಯಾಲಿ ಮುಚ್ಚಿ ಊಟಕ್ಕೆ ಹೋದರೆ, ಚೀಟಿ ನಮ್ಮ ಕಡೆ ಸಾಲಿನಲ್ಲಿ ಕಾಯುತ್ತದೆ. ಎಲ್ಲ ಸರಿ ಇದ್ದ ಹೊತ್ತಿನಲ್ಲಿ ಎಷ್ಟು ಸಮಯ ಹಿಡಿಯಿತು ಎಂದು ಲಾಗ್‌ನಲ್ಲಿ ನೋಡಿದರೆ ಅತಿ ನಿಧಾನವಾದದ್ದೂ ಎರಡು ನಿಮಿಷ ದಾಟಿರಲಿಲ್ಲ. ಸರಾಸರಿ ಇನ್ನೂ ಕಡಿಮೆ ಇತ್ತು, ಆದರೆ ಸರಾಸರಿ ಹಾಕಲಿಲ್ಲ. ನಿಧಾನದ ಅಂಕಿ ಹೇಳಿದರೆ ನಾಳೆ ಯಾರೂ ಬಂದು ತಪ್ಪೆಂದು ತೋರಿಸಲಾರರು. ಆದ್ದರಿಂದ ‘ಎರಡು ನಿಮಿಷದೊಳಗೆ’.

‘ದೋಷರಹಿತ’ವೂ ಬಿತ್ತು. ಅಕ್ಟೋಬರ್ 6ರಿಂದ 31ರವರೆಗೆ 412 ಚೀಟಿ ಹೋಗಿದ್ದವು, ಅವುಗಳಲ್ಲಿ 9 ಮೊದಲು ಸಿಕ್ಕಿಕೊಂಡಿದ್ದವು. ಒಂಬತ್ತಕ್ಕೂ ಕಾರಣ ಒಂದೇ: ವೇಬ್ರಿಡ್ಜ್ ಕಡೆ ಬರೆದ ಪಾರ್ಟಿಯ ಹೆಸರು ಟ್ಯಾಲಿಯ ಲೆಡ್ಜರ್‌ನಲ್ಲಿ ಇರಲಿಲ್ಲ, ಅಥವಾ ಇನಿಷಿಯಲ್ ಹಿಂದೆಮುಂದೆ ಆಗಿತ್ತು. ಹೆಸರು ಸರಿಮಾಡಿದ ಮೇಲೆ ಅವೂ ಒಳಗೆ ಹೋದವು. ಇದನ್ನು ‘98% ಯಶಸ್ಸು’ ಎಂದು ಬರೆಯುವ ಆಸೆ ಆಯಿತು. ಹಾಗೆ ಬರೆದರೆ ಓದುವವರಿಗೆ ಎರಡು ಪರ್ಸೆಂಟ್ ಲಾರಿಗಳ ಲೆಕ್ಕ ಕಳೆದುಹೋಯಿತು ಅನ್ನಿಸುತ್ತದೆ. ನಿಜದಲ್ಲಿ ಒಂದೂ ಕಳೆದಿಲ್ಲ, ತಡವಾಯಿತು. ಪರ್ಸೆಂಟ್ ಬಿಟ್ಟು, ಹೊಸ ಹೆಸರು ಬಂದಾಗ ಚೀಟಿ ಕಾಯುತ್ತದೆ ಎಂದೇ ಬರೆದೆ.

ಆಮೇಲೆ ಎದುರಾದದ್ದು ನಾನು ಯೋಚಿಸಿರದ ವಿಷಯ. ‘26 ದಿನ, 412 ಲಾರಿ’ ಎಂಬುದು ನನ್ನ ಪೋಸ್ಟ್‌ನ ಅತ್ಯಂತ ಗಟ್ಟಿ ಸಾಲಾಗಿತ್ತು. ಒಪ್ಪಿಗೆಗೆ ಕಳಿಸಿದಾಗ ಗ್ರಾಹಕರ ಖರೀದಿ ವಿಭಾಗದವರು ಅದನ್ನೇ ಹೊಡೆದುಹಾಕಿದರು. ‘ಸಾರ್, ಇದನ್ನ ಜೋಳದ ದಲ್ಲಾಳಿಗಳೂ ಓದ್ತಾರೆ’ ಎಂದಷ್ಟೇ ಹೇಳಿದರು. ಅಕ್ಟೋಬರ್–ನವೆಂಬರ್ ಹೊಸ ಮುಸುಕಿನ ಜೋಳ ಬರುವ ಕಾಲ. ಒಂದು ಕಾರ್ಖಾನೆ ತಿಂಗಳಿಗೆ ಎಷ್ಟು ಲಾರಿ ಕೊಳ್ಳುತ್ತದೆ ಎಂದು ಗೊತ್ತಾದರೆ ಅದಕ್ಕೆ ಎಷ್ಟು ಹಸಿವಿದೆ ಎಂದು ಗೊತ್ತಾಗುತ್ತದೆ, ದರ ಕಟ್ಟುವವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಸಾಫ್ಟ್‌ವೇರ್‌ನವರಿಗೆ ಅದು ಸಾಧನೆಯ ಅಂಕಿ, ಅವರಿಗೆ ವ್ಯಾಪಾರದ ಗುಟ್ಟು. (ಇಲ್ಲಿ ಬರೆಯಲು ಸೀಸನ್ ಮುಗಿದ ಮೇಲೆ ಅವರನ್ನು ಮತ್ತೆ ಕೇಳಿದ್ದೇನೆ.)

ಗ್ರಾಹಕರ ಪ್ರಮಾಣ ಹೇಳದೆ ಕೆಲಸದ ಗಟ್ಟಿತನ ತೋರಿಸುವುದು ಹೇಗೆ? ಎರಡು ಸಂಗತಿ ಉಳಿದಿದ್ದವು. ಯಾವ ದಿನದಿಂದ ನಡೆಯುತ್ತಿದೆ ಎಂಬುದು ಒಂದು. ಇನ್ನೊಂದು ತಿಂಗಳ ಕೊನೆಯ ಸ್ಟಾಕ್ ತಾಳೆ. ವೇಬ್ರಿಡ್ಜ್ ರಿಜಿಸ್ಟರಿನ ಒಟ್ಟು ತೂಕವೂ ಟ್ಯಾಲಿಯ ಒಟ್ಟು ತೂಕವೂ ಅಕ್ಟೋಬರ್ 31ರಂದು ಕೂಡಿಬಂದಿದ್ದವು. ಲೆಕ್ಕ ಬಲ್ಲವರಿಗೆ ಇದು ಲಾರಿಗಳ ಸಂಖ್ಯೆಗಿಂತ ದೊಡ್ಡ ಮಾತು. ಒಪ್ಪಂದಕ್ಕೆ ಸಹಿ ಬಿದ್ದ ದಿನವೇ ಪೋಸ್ಟ್ ಹಾಕದೆ ಒಂದು ತಿಂಗಳ ಕೊನೆ ದಾಟುವವರೆಗೆ ಕಾದದ್ದು ಇದಕ್ಕೇ. ಅಲ್ಲಿಯವರೆಗೆ ‘ಆಯಿತು’ ಎನ್ನುವ ಕ್ರಿಯಾಪದ ನಮ್ಮದಲ್ಲ, ‘ಆಗುತ್ತಿದೆ’ ಅಷ್ಟೇ.

ಹಿಂದಿನ ಸ್ಥಿತಿಯನ್ನು ಹೇಗೆ ಹೇಳುವುದು ಎಂಬುದರಲ್ಲೂ ಎಚ್ಚರ ಬೇಕು. 15,460 ಅನ್ನು ಎರಡನೇ ಸಲ ಟೈಪ್ ಮಾಡುವಾಗ 15,640 ಆಗುವುದು ಸಹಜ. ವ್ಯತ್ಯಾಸ 180. ಅಂಕಿ ಅದಲುಬದಲಾದಾಗ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ ಎಂಬುದು ಹಳೆಯ ಲೆಕ್ಕಿಗರಿಗೆಲ್ಲ ಗೊತ್ತು. ಈ ಉದಾಹರಣೆ ಪೋಸ್ಟ್‌ಗೆ ಚೆನ್ನಾಗಿರುತ್ತಿತ್ತು. ಆದರೆ ಅದನ್ನು ಓದುವವರಲ್ಲಿ ಆ ಅಕೌಂಟೆಂಟ್ ಕೂಡ ಇರುತ್ತಾರೆ. ‘ಮೊದಲು ತಪ್ಪುಗಳಾಗುತ್ತಿದ್ದವು’ ಎಂದರೆ ಅವರ ಹೆಸರು ಹೇಳದೆಯೇ ಅವರನ್ನು ಬೈದಂತೆ. ‘ಮತ್ತೆ ಟೈಪ್ ಮಾಡಬೇಕಿಲ್ಲ’ ಎಂದರೆ ವಿಷಯ ಅದೇ, ಯಾರಿಗೂ ನೋವಿಲ್ಲ.

ಒಪ್ಪಿಗೆಯನ್ನು ಇಮೇಲ್‌ನಲ್ಲೇ ತೆಗೆದುಕೊಂಡೆ. ‘ಒಂದು ಪೋಸ್ಟ್ ಹಾಕಬಹುದೇ’ ಎಂದು ಕೇಳುವುದು ಒಪ್ಪಿಗೆಯಲ್ಲ. ಪೂರ್ತಿ ಪಠ್ಯ ಮತ್ತು ಹಾಕಲಿರುವ ಅದೇ ಫೋಟೊ ಕಳಿಸಿ ‘ಇದಕ್ಕೆ ಒಪ್ಪಿಗೆ’ ಎಂಬ ಉತ್ತರ ಬರಬೇಕು, ಅದೂ ಹೇಳುವ ಅಧಿಕಾರ ಇರುವವರಿಂದ. ಕಾರ್ಖಾನೆಯ ಹೆಸರು ಬೇಡ ಎಂದರು, ಊರೂ ಬೇಡ ಎಂದರು, ಯಾಕೆಂದರೆ ಆ ಊರಿನಲ್ಲಿ ಅಂಥ ಕಾರ್ಖಾನೆಗಳು ಬೆರಳೆಣಿಕೆ. ಜಿಲ್ಲೆ ಮಾತ್ರ ಉಳಿಯಿತು. ಟ್ಯಾಲಿಯ ಹೆಸರನ್ನೂ ‘ಟ್ಯಾಲಿಯಲ್ಲಿ ದಾಖಲಾಗುತ್ತದೆ’ ಎಂಬಷ್ಟಕ್ಕೇ ಇಟ್ಟೆ. ‘ಟ್ಯಾಲಿ ಜೊತೆಗೂಡಿ’ ಎಂದರೆ ನಾವು ಅವರ ಅಧಿಕೃತ ಪಾರ್ಟ್‌ನರ್ ಎಂಬ ಅರ್ಥ ಹುಟ್ಟುತ್ತದೆ.

ಫೋಟೊಗೆ ಮೊದಲು ಆರಿಸಿದ್ದು ನಮ್ಮ ಪ್ರೋಗ್ರಾಂನ ಸ್ಕ್ರೀನ್‌ಶಾಟ್. ಅದರಲ್ಲಿ ರೈತರ ಹೆಸರು, ಲಾರಿ ನಂಬರ್, ಕ್ವಿಂಟಾಲ್ ದರ ಮೂರೂ ಕಾಣುತ್ತಿದ್ದವು. ಮಸುಕು ಮಾಡಿದರೆ ಸಾಲದು, ಪರೀಕ್ಷೆಗೆಂದು ಇಟ್ಟ ಸುಳ್ಳು ಹೆಸರುಗಳ ಡೇಟಾಬೇಸ್ ತೆರೆದು ಹೊಸದಾಗಿ ತೆಗೆಯುವುದೇ ಸರಿ. ಕೊನೆಗೆ ಖಾಲಿ ವೇಬ್ರಿಡ್ಜ್‌ನ ಫೋಟೊ ಹಾಕಿದೆ. ಪಠ್ಯವನ್ನು ಆಮೇಲೆ ತಿದ್ದಬಹುದು, ಹಾಕಿದ ಫೋಟೊ ಬದಲಿಸಲು ಪೋಸ್ಟನ್ನೇ ಅಳಿಸಿ ಮತ್ತೆ ಹಾಕಬೇಕಾಗುತ್ತದೆ.

ಮೊದಲ ಎರಡು ಮೂರು ಸಾಲು ಕಂಡ ಮೇಲೆ ಲಿಂಕ್ಡ್‌ಇನ್ ಉಳಿದದ್ದನ್ನು ಮಡಚಿಡುತ್ತದೆ. ಕನ್ನಡದ ಅಕ್ಷರಗಳು ಅಗಲ, ಹಾಗಾಗಿ ಫೋನ್‌ನಲ್ಲಿ ಆ ಜಾಗಕ್ಕೆ ಹಿಡಿಸುವುದು ಒಂದು ವಾಕ್ಯ. ‘ಹೆಮ್ಮೆಪಡುತ್ತೇವೆ’ಗೆ ಅಲ್ಲಿ ಜಾಗ ಕೊಟ್ಟರೆ ತೂಕದ ವಿಷಯ ಮಡಿಕೆಯೊಳಗೆ ಹೋಗುತ್ತದೆ. ಹಾಕಿದ ಪೋಸ್ಟ್ ಇದು:

> ಲಾರಿಯ ಎರಡನೇ ತೂಕ ಆದ ಎರಡು ನಿಮಿಷದೊಳಗೆ ಆ ತೂಕ ಟ್ಯಾಲಿಯಲ್ಲಿ. ಯಾರೂ ಮತ್ತೆ ಟೈಪ್ ಮಾಡಬೇಕಿಲ್ಲ.
>
> ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಕೋಳಿ ಆಹಾರದ ಕಾರ್ಖಾನೆಯಲ್ಲಿ ಅಕ್ಟೋಬರ್ 6ರಿಂದ ಮುಸುಕಿನ ಜೋಳದ ಲಾರಿಗಳ ಲೆಕ್ಕ ಹೀಗೆ ನಡೆಯುತ್ತಿದೆ. ತಿಂಗಳ ಕೊನೆಯ ತಾಳೆಯಲ್ಲಿ ವೇಬ್ರಿಡ್ಜ್‌ನ ಒಟ್ಟು ತೂಕ, ಟ್ಯಾಲಿಯ ಒಟ್ಟು ತೂಕ ಎರಡೂ ಕೂಡಿದವು.
>
> ಕರೆಂಟ್ ಹೋದಾಗ, ಹೊಸ ಪಾರ್ಟಿಯ ಹೆಸರು ಬಂದಾಗ ಚೀಟಿ ಸಾಲಿನಲ್ಲಿ ಕಾಯುತ್ತದೆ. ಕಳೆದುಹೋಗುವುದಿಲ್ಲ, ಎರಡು ಸಲ ದಾಖಲಾಗುವುದೂ ಇಲ್ಲ. ತೇವಾಂಶದ ಅಂಕಿಯನ್ನು ಸದ್ಯ ಲ್ಯಾಬ್‌ನವರೇ ತುಂಬುತ್ತಾರೆ. ಸೋಯಾ ಹಿಂಡಿಯ ಲಾರಿಗಳನ್ನು ಇನ್ನೂ ಸೇರಿಸಿಲ್ಲ.
>
> ಪಾರ್ಟಿಗಳ ಪಟ್ಟಿಯನ್ನು ಒಂದೊಂದಾಗಿ ತಿದ್ದಿಕೊಟ್ಟವರು ಅಲ್ಲಿನ ಅಕೌಂಟ್ಸ್‌ನವರು. ಲಾರಿಯ ಹಿಂದಿನ ಚಕ್ರ ಪ್ಲಾಟ್‌ಫಾರ್ಮ್ ಅಂಚಿಗೆ ತಾಗಿದರೆ ತೂಕ ತಪ್ಪು ಬರುತ್ತದೆ ಎಂದು ನಮಗೆ ತೋರಿಸಿದವರು ವೇಬ್ರಿಡ್ಜ್ ಆಪರೇಟರ್.
>
> ನಿಮ್ಮ ಇಂಡಿಕೇಟರ್‌ಗೆ ಸೀರಿಯಲ್ ಪೋರ್ಟ್ ಇದ್ದರೆ ಮಾಡೆಲ್ ನಂಬರ್ ಕಳಿಸಿ, ಆಗುತ್ತದೋ ಇಲ್ಲವೋ ಹೇಳುತ್ತೇವೆ.

‘ಎರಡು ಸಲ ದಾಖಲಾಗುವುದಿಲ್ಲ’ ಎಂಬುದನ್ನು ಬರೆಯುವ ಮುಂಚೆ ಪರೀಕ್ಷೆ ಮಾಡಿದ್ದೆವು. ಚೀಟಿ ಟ್ಯಾಲಿಗೆ ತಲುಪಿ, ‘ತಲುಪಿತು’ ಎಂಬ ಉತ್ತರ ಮಾತ್ರ ದಾರಿಯಲ್ಲಿ ಕಳೆದರೆ ನಮ್ಮ ಪ್ರೋಗ್ರಾಂ ಮತ್ತೆ ಕಳಿಸುತ್ತದೆ, ಆಗ ಒಂದೇ ಲಾರಿ ಎರಡಾಗುತ್ತದೆ. ಚೀಟಿ ನಂಬರನ್ನೇ ಗುರುತಾಗಿಟ್ಟು, ಕಳಿಸುವ ಮೊದಲು ಅದು ಆಗಲೇ ಇದೆಯೇ ಎಂದು ನೋಡುವಂತೆ ಮಾಡಿದ್ದರಿಂದ ಆ ಸಾಲು ಬರೆಯಲು ಧೈರ್ಯ ಬಂತು. ಬೇಕೆಂದೇ ನೆಟ್‌ವರ್ಕ್ ಕೇಬಲ್ ಕಿತ್ತು ಇಪ್ಪತ್ತು ಸಲ ನೋಡಿದ ಮೇಲೆ.

ಕೊನೆಯ ಸಾಲಿನಿಂದ ಬಂದ ವಿಚಾರಣೆಗಳಲ್ಲಿ ಹಲವರು ಇಂಡಿಕೇಟರ್‌ನ ಹಿಂಬದಿಯ ಫೋಟೊ ಕಳಿಸಿದರು. ಅದರಲ್ಲೇ ಪೋರ್ಟ್ ಇದೆಯೇ ಇಲ್ಲವೇ ಕಾಣುತ್ತದೆ. ‘ದಿನಕ್ಕೆ ಎಷ್ಟು ಲಾರಿ ಬರುತ್ತೆ ಅಲ್ಲಿ?’ ಎಂಬ ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡಲಿಲ್ಲ. ಕೇಳಿದವರ ಪ್ರೊಫೈಲ್‌ನಲ್ಲಿ ಧಾನ್ಯದ ವ್ಯಾಪಾರ ಎಂದಿತ್ತು.