ಕಾಕಾ ಮಷಿನ್ ಬಂದ್ ಮಾಡಿ ಹೊರಗ ಕುಂತಾಗ

ಗದಗದಾಗ ನಮ್ದೊಂದು ಸಣ್ಣ ಆಫ್‌ಸೆಟ್ ಪ್ರೆಸ್ ಐತಿ, ಒಂಬತ್ತು ಮಂದಿ ಅದೀವಿ. ಮಷಿನ್ ನಡಸೋ ಕಾಕಾಗ 59 ವರ್ಷ, ಮೊಳಿ ಜೋಡಸೋ ಕಾಲದಿಂದ ಇದ್ದ ಮನಷ್ಯಾ. ಡಿಟಿಪಿ ಹುಡುಗಗ 23, ಬೈಂಡಿಂಗ್ ಅಕ್ಕಾರು ನಲ್ವತ್ತರ ಆಸುಪಾಸು.

ಹೋದ ಮದುವಿ ಸೀಜನ್‌ನಾಗ 800 ಲಗ್ನಪತ್ರಿಕಿ ಓಡತಿದ್ವು. ಹುಡುಗ ಸೀದಾ ಮಷಿನ್ ಹತ್ರ ಹೋಗಿ, ಹೆಲ್ಪರ್ ಮುಂದನ, 'ಕಾಕಾ, ಕಲರ್ ತಪ್ಪೈತ್ರಿ' ಅಂದ. ಕಾಕಾ ಒಂದ್ ಮಾತಾಡಲಿಲ್ಲ, ಮಷಿನ್ ಬಂದ್ ಮಾಡಿ ಹೊರಗ ಕಟ್ಟಿ ಮ್ಯಾಲ ಕುಂತ್ರು. ಹುಡುಗ ನೋಡಿದ್ದು ಮಾನಿಟರ್‌ದಾಗಿನ ಮರೂನ್, ಅದು ಬೆಳಕಿನ ಬಣ್ಣ, ಆರ್ಟ್ ಪೇಪರ್ ಅಲ್ಲದ ಕಾಗದ ಇಂಕ್ ಹೀರಿ ಮಂಕ್ ಆಗೂದ ಸೈ. ಆದ್ರ ಕಾಕಾಗ ಸಿಟ್ಟು ಬಂದಿದ್ದು ಕಲರ್ ಮಾತಿಗಲ್ಲ, ತಾವ ಕೆಲಸ ಕಲಿಸಿದ ಹೆಲ್ಪರ್ ಮುಂದ ಅಂದಿದ್ದಕ್ಕ.

ನಾ ಮೊದಲ ಮಾಡಿದ್ದು ದಡ್ಡತನ, ಎಲ್ಲಾರ್ನೂ ಕೂಡಿಸಿ ಮೀಟಿಂಗ್ ಮಾಡಿದೆ. ಹುಡುಗ ಅರ್ಧಾ ತಾಸು ಮಾತಾಡಿದ, ಕಾಕಾ ನೆಲಾ ನೋಡಕೋತ ಕುಂತ್ರು.

ಆಮ್ಯಾಲ ಮಾತನ್ನ ಕಾಗದಕ್ಕ ಹಾಕಿದ್ವಿ. ಈಗ ಸೆಟ್ಟಿಂಗ್‌ಗೆ ಒಂದಿಷ್ಟು ವೇಸ್ಟ್ ಶೀಟ್ ಓಡಿಸಿ ಬಣ್ಣ ನಿಂತ ಮ್ಯಾಲ ಕಾಕಾ ಒಂದು ಶೀಟ್ ಎಳದು ಟೇಬಲ್ ಮ್ಯಾಲ ಇಡತಾರ. ಹುಡುಗ ಅದನ್ನ ಮಾನಿಟರ್ ಜೋಡಿ ಅಲ್ಲ, ಪಾರ್ಟಿ ಸಹಿ ಮಾಡಿದ ಪ್ರೂಫ್ ಜೋಡಿ ಇಟ್ಟು ನೋಡಿ, ತಪ್ಪಿದ್ದಲ್ಲೆ ಪೆನ್ನಿಂದ ಗುರ್ತು ಹಾಕತಾನ, ಇಬ್ರೂ ಸಹಿ ಹಾಕಿದ ಮ್ಯಾಲನ ರನ್ ಚಾಲೂ. ಮಷಿನ್ ಹತ್ರ ಯಾರೂ ಯಾರಿಗೂ ಅನ್ನಂಗಿಲ್ಲ. ಎರಡು ವಾರಕ್ಕ ನೋಡದನ ಸಹಿ ಹಾಕೂದು ಶುರುವಾತು, ಒಂದು ಕಾರ್ಡಿನಾಗ ತಾರೀಖು ಗುರುವಾರದ್ದು, ಅಚ್ಚಾಗಿದ್ದು ಬುಧವಾರ ಅಂತ, ಅದಕ್ಕೂ ಇಬ್ರ ಸಹಿ! ಪುಣ್ಯಾಕ್ಕ ಕಟಿಂಗ್‌ಕಿಂತ ಮೊದಲ ಸಿಕ್ತು. ಅವತ್ತಿನಿಂದ ವಾರ ಮತ್ತ ತಾರೀಖಿಗೆ ಕೆಂಪು ಸುತ್ತು ಹಾಕದ ಸಹಿ ಇಲ್ಲ.

ಇನ್ನ ಹೊಗಳಿಕಿ. ಕಾಕಾನ ಲೆಕ್ಕದಾಗ ಸುಮ್ಮನಿದ್ದಾರಂದ್ರ ಕೆಲಸ ಚಲೋ ಆಗೇತಿ ಅಂತ, ಹುಡುಗಗ ಅದ ಸುಮ್ಮನಿರೂದು ಅಂದ್ರ ನನ್ನ ಯಾರೂ ಕೇಳವಲ್ರು ಅಂತ. ಹಿಂಗಾಗಿ ಶನಿವಾರ ಅವನ ಜೋಡಿ ಹತ್ತು ನಿಮಿಷ ಕುಂತು, ಆ ವಾರದ ಎರಡು ಜಾಬ್ ಮುಂದಿಟ್ಕೊಂಡು ಇದು ಚಲೋ, ಇದು ಅಲ್ಲ ಅಂತೀನಿ. ಕಾಕಾನ್ನ ಹಂಗ ಒಳಗ ಕರದ್ರ 'ಏನ್ ತಪ್ಪಾತ್ರಿ?' ಅಂದು ಬೆವತ್ರು, ಅದಕ್ಕ ಅವರ ಜೋಡಿ ಮಾತು ಚಹಾದಂಗಡಿಗೆ ಹೋಗೋ ಹಾದ್ಯಾಗ.

ಟೈಮ್ ವಿಷಯ ಪೂರ್ತಿ ಬಗೆಹರದಿಲ್ಲ. ಹುಡುಗ 11ಕ್ಕ ಬರ್ತಾನ, ರಾತ್ರಿ ಮನ್ಯಾಗ ಕುಂತು ಡಿಸೈನ್ ಮಾಡ್ತಾನ, ನನಗ ಸಂಜಿ 5ಕ್ಕ ಫೈಲ್ ಪ್ಲೇಟಿಗೆ ಹೋದ್ರ ಸಾಕು. ಆದ್ರ ಮೊನ್ನೆ ಬೈಂಡಿಂಗ್ ಅಕ್ಕಾರೊಬ್ರು, 'ನಾವು ಹತ್ತು ನಿಮಿಷ ತಡಾ ಮಾಡಿದ್ರ ಅರ್ಧಾ ದಿನದ ಪಗಾರ ಕಟ್, ಅವ್ನು ಬಂದಾಗ ಹಾಜರಿ ಏನ್ರಿ ಅಣ್ಣಾರ?' ಅಂದ್ರು. ಆ ಕಟ್ ಅವತ್ತ ತಗದೆ. ಅವರ ಕೆಲಸ ಮಷಿನ್ ಬಿಟ್ಟ ಶೀಟ್ ಮ್ಯಾಲ ನಿಂತೈತಿ, ಮನಿಗೆ ಒಯ್ಯೂದಲ್ಲ, ಅದಕ್ಕ 11ರ ಸವಲತ್ತು ಅವರಿಗೆ ಹೆಂಗ ಕೊಡೂದು ಅಂತ ಇನ್ನೂ ಹೊಳದಿಲ್ಲ.