ಹಂಚಿನ ಸಂದಿನ ಸೂರ್ಯ: ಯಾವ ಗ್ರಹಣಕ್ಕೆ ಕನ್ನಡಿ, ಯಾವುದಕ್ಕೆ ಬರಿಗಣ್ಣು?

ಹಂಚಿನ ಮಾಡಿನ ಮನೆಯಲ್ಲಿ ಬೆಳೆದವರಿಗೆ ಚಾವಡಿಯ ನೆಲದ ಮೇಲೆ ಬೀಳುವ ಬಿಸಿಲಿನ ಗುಂಡು ಬಿಲ್ಲೆಗಳು ಗೊತ್ತಿರುತ್ತವೆ. ಹಂಚಿನ ಸಂದು ಸೀಳಾಗಿರಲಿ, ಮೂಲೆ ಒಡೆದು ಮುಕ್ಕೋನವಾಗಿರಲಿ, ಮಾಡು ಸಾಕಷ್ಟು ಎತ್ತರವಿದ್ದರೆ ಕೆಳಗೆ ಬೀಳುವ ಬಿಲ್ಲೆ ಮಾತ್ರ ಗುಂಡಗೇ. ಯಾಕೆಂದರೆ ಅದು ಸಂದಿನ ಆಕಾರವಲ್ಲ, ಸೂರ್ಯನ ಬಿಂಬ. 2019ರ ಡಿಸೆಂಬರ್ 26ರ ಬೆಳಿಗ್ಗೆ ಕಂಕಣ ಸೂರ್ಯಗ್ರಹಣದ ಪಥ ಮಂಗಳೂರಿನ ಮೇಲೆ ಹಾದುಹೋಯಿತು. ಒಂಬತ್ತೂವರೆಗೆ ಕೆಲವು ನಿಮಿಷ ಮುಂಚೆ ಇಂಥ ಬಿಲ್ಲೆಗಳೆಲ್ಲ ಬಳೆಗಳಾಗುವ ಹೊತ್ತು. ಉಡುಪಿ ಪಥದಿಂದ ಸ್ವಲ್ಪ ಉತ್ತರಕ್ಕೆ ಉಳಿಯಿತು. ಅಲ್ಲಿ ಬಳೆ ಕೂಡಿಕೊಳ್ಳಲಿಲ್ಲ, ತೆಳ್ಳಗಿನ ಕುಡುಗೋಲಿನಂತೆ ಒಂದು ಕಡೆ ತೆರೆದೇ ಇತ್ತು.

ಒಂದೇ ಜಿಲ್ಲೆಯಷ್ಟು ಅಂತರದಲ್ಲಿ ಈ ವ್ಯತ್ಯಾಸ ಬರುವುದು ಸೂರ್ಯಗ್ರಹಣದಲ್ಲಿ ಮಾತ್ರ. ಅಮಾವಾಸ್ಯೆಯಂದು ಚಂದ್ರ ಸೂರ್ಯನಿಗೂ ನಮಗೂ ನಡುವೆ ಬಂದು ತನ್ನ ನೆರಳನ್ನು ಭೂಮಿಯ ಮೇಲೆ ಎಳೆದುಕೊಂಡು ಹೋಗುತ್ತಾನೆ. ಸಣ್ಣ ಚಂದ್ರನ ಸಣ್ಣ ನೆರಳು. ಅದರ ನಡುಭಾಗ ಬೀಳುವುದು ಕಿರಿದಾದ ಪಟ್ಟಿಯ ಮೇಲೆ. ಚಂದ್ರಗ್ರಹಣದಲ್ಲಿ ಲೆಕ್ಕ ತಿರುಗುತ್ತದೆ. ಹುಣ್ಣಿಮೆಯಂದು ಭೂಮಿ ನಡುವೆ ನಿಲ್ಲುತ್ತದೆ, ಚಂದ್ರ ಅದರ ನೆರಳಿನೊಳಗೆ ನುಗ್ಗುತ್ತಾನೆ. ಆ ದೂರದಲ್ಲಿ ಭೂಮಿಯ ದಟ್ಟ ನೆರಳು ಚಂದ್ರನ ಅಗಲದ ಎರಡೂವರೆ ಪಟ್ಟಿಗೂ ಹೆಚ್ಚು. ಆದ್ದರಿಂದ ಆ ಹೊತ್ತಿನಲ್ಲಿ ಚಂದ್ರ ಕಾಣುವ ಊರಿಗೆಲ್ಲ ಒಂದೇ ಗ್ರಹಣ, ಅದೂ ಗಂಟೆಗಟ್ಟಲೆ.

ಹಾಗಾದರೆ ಪ್ರತಿ ಅಮಾವಾಸ್ಯೆ, ಹುಣ್ಣಿಮೆಗೆ ಗ್ರಹಣ ಏಕಿಲ್ಲ? ಚಂದ್ರನ ದಾರಿ ಭೂಮಿಯ ದಾರಿಗೆ ಸುಮಾರು 5 ಡಿಗ್ರಿ ವಾಲಿದೆ. ಕೇಳಲು ಸಣ್ಣದು, ಆದರೆ ಚಂದ್ರನಿರುವ ದೂರದಲ್ಲಿ ಅದು 30 ಸಾವಿರ ಕಿ.ಮೀ.ಗೂ ಮಿಕ್ಕಿದ ಏರುಪೇರು. ಹೀಗಾಗಿ ಹೆಚ್ಚಿನ ಸಲ ನೆರಳು ಮೇಲೋ ಕೆಳಗೋ ತಪ್ಪಿಹೋಗುತ್ತದೆ. ಎರಡು ದಾರಿಗಳು ಕತ್ತರಿಸುವ ಬಿಂದುಗಳ ಬಳಿ ಅಮಾವಾಸ್ಯೆಯೋ ಹುಣ್ಣಿಮೆಯೋ ಬಿದ್ದರಷ್ಟೇ ಗ್ರಹಣ. ಪಂಚಾಂಗದ ರಾಹು ಕೇತುಗಳೆಂದರೆ ಈ ಎರಡು ಬಿಂದುಗಳೇ.

ಇನ್ನು ಕಣ್ಣಿನ ವಿಷಯ. 2019ರ ಕಂಕಣದಲ್ಲಿ ಚಂದ್ರನ ಅಗಲ ಸೂರ್ಯನ ಶೇ 97ರಷ್ಟು ಕಾಣುತ್ತಿತ್ತು. ಅಂದರೆ ಗ್ರಹಣದ ಉತ್ತುಂಗದಲ್ಲೂ ಸೂರ್ಯನ ಶೇ 6ರಷ್ಟು ಮುಖ ತೆರೆದೇ ಇತ್ತು, ಆ ಭಾಗದ ಪ್ರಖರತೆ ಎಳ್ಳಷ್ಟೂ ತಗ್ಗಿರಲಿಲ್ಲ. ಸುತ್ತಲಿನ ಬಿಸಿಲು ಮಂಕಾಗಿರುವುದರಿಂದ ಕಣ್ಣು ಕಿವುಚಿಕೊಳ್ಳುವುದಿಲ್ಲ, ನೋಡುವವರು ದಿಟ್ಟಿಸುತ್ತಾರೆ. ಅಕ್ಷಿಪಟಲಕ್ಕೆ ನೋವು ಗೊತ್ತಾಗುವ ನರವಿಲ್ಲ. ಸುಟ್ಟದ್ದು ತಿಳಿಯುವುದು ಕೆಲವು ಗಂಟೆಗಳ ನಂತರ, ಓದುವಾಗ ನಟ್ಟ ನಡುವಿನ ಅಕ್ಷರವೇ ಮಾಯವಾದಾಗ.

ನಮ್ಮ ಕಡೆ ನೇರ ನೋಡಬಾರದೆಂಬ ಅರಿವು ಚೆನ್ನಾಗಿಯೇ ಇದೆ. ಅದಕ್ಕೇ ಅಂಗಳದಲ್ಲಿ ಬಕೆಟ್ ಇಟ್ಟು ಸೆಗಣಿ ನೀರೋ ಅರಿಶಿನ ನೀರೋ ತುಂಬಿಸಿ ಅದರಲ್ಲಿ ನೋಡುವ ರೂಢಿ. ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಳ್ಳೆಯ ಗ್ರಹಣ ಕನ್ನಡಕ ಸೂರ್ಯನ ಬೆಳಕಿನ ಲಕ್ಷ ಪಾಲಿನಲ್ಲಿ ಹೆಚ್ಚೆಂದರೆ 3 ಪಾಲನ್ನು ಒಳಗೆ ಬಿಡುತ್ತದೆ. ನಿಂತ ನೀರಿನ ಮೇಲ್ಮೈ, ಸೂರ್ಯ ನೆತ್ತಿಯ ಮೇಲಿದ್ದಾಗ, ಲಕ್ಷದಲ್ಲಿ 2000 ಪಾಲು ಪ್ರತಿಫಲಿಸುತ್ತದೆ. ಸೂರ್ಯ ಕೆಳಗಿದ್ದಷ್ಟೂ ಇದು ಹೆಚ್ಚು; ಆ ಡಿಸೆಂಬರಿನ ಬೆಳಿಗ್ಗೆಯಂತೆ 30 ಡಿಗ್ರಿ ಎತ್ತರದಲ್ಲಿದ್ದರೆ ಸುಮಾರು 6000 ಪಾಲು. ಕನ್ನಡಕಕ್ಕೆ ಹೋಲಿಸಿದರೆ 2000 ಪಟ್ಟು! ಸೆಗಣಿ, ಅರಿಶಿನ ಬೆರೆಸಿದರೆ ಏನಾಗುತ್ತದೆ? ನೀರು ಕದಡುತ್ತದೆ, ಬಕೆಟಿನ ತಳ ಕಾಣುವುದಿಲ್ಲ. ಪ್ರತಿಫಲನವಾಗುವುದು ಮೇಲ್ಮೈಯಿಂದ, ಅದು ಹಾಗೆಯೇ ಉಳಿಯುತ್ತದೆ. ಬಿಂಬ ಸ್ಫುಟವಾಗಿ ಕಾಣುವುದೇ ಹೊರತು ಸೌಮ್ಯವಾಗುವುದಿಲ್ಲ.

ಎಕ್ಸ್‌ರೇ ಫಿಲ್ಮು, ಮಸಿ ಹಿಡಿಸಿದ ಗಾಜು, ಕೂಲಿಂಗ್ ಗ್ಲಾಸು, ಸಿ.ಡಿ. ಇವೂ ಬೇಡ. ಕಣ್ಣಿಗೆ ಕಪ್ಪಾಗಿ ಕಂಡರೂ ಕಾಣದ ಅವಕೆಂಪು ಕಿರಣ ಎಷ್ಟು ದಾಟಿತೆಂದು ಹೇಳಲಾಗದು. ವೆಲ್ಡಿಂಗ್ ಗಾಜು ಬಳಸುವುದಾದರೆ ಅದರ ಮೇಲಿನ ಶೇಡ್ ನಂಬರ್ ನೋಡಿ: 12ಕ್ಕಿಂತ ಕಡಿಮೆ ಬೇಡ, 14 ಹಿತ. ಗ್ಯಾಸ್ ವೆಲ್ಡಿಂಗಿನ ಹಸಿರು ಗಾಗಲ್ಸ್ ಸಾಮಾನ್ಯವಾಗಿ 5ರ ಆಸುಪಾಸಿನದು, ಯಾವ ಕಾರಣಕ್ಕೂ ಸಾಲದು. ಗ್ರಹಣ ಕನ್ನಡಕದ ಮೇಲೆ ಐಎಸ್‌ಒ 12312-2 ಎಂದು ಅಚ್ಚಾಗಿದ್ದರೂ ಮನೆಯೊಳಗೆ ಹಾಕಿ ನೋಡಿ. ಟ್ಯೂಬ್‌ಲೈಟು, ಕಿಟಕಿ ಕಾಣಿಸಿದರೆ ಎಸೆಯಿರಿ. ಗ್ರಹಣ ಕನ್ನಡಕ ಹಾಕಿಕೊಂಡು ಬೈನಾಕ್ಯುಲರಿನಲ್ಲಿ ನೋಡುವುದು ಎಲ್ಲಕ್ಕಿಂತ ಅಪಾಯ. ಮಸೂರ ಒಟ್ಟುಗೂಡಿಸಿದ ಬಿಸಿ ಫಿಲ್ಮನ್ನೇ ತೂತು ಮಾಡಬಹುದು.

ಹಂಚಿನ ಸಂದಿನ ಉಪಾಯವನ್ನೇ ದೊಡ್ಡದಾಗಿ ಮಾಡಿಕೊಂಡರೆ ಮನೆಮಂದಿಯೆಲ್ಲ ಸೂರ್ಯನಿಗೆ ಬೆನ್ನು ಹಾಕಿ ನೋಡಬಹುದು. ಬೇಕಾದದ್ದು ಅಂಗೈಯಗಲದ ಚಪ್ಪಟೆ ಕನ್ನಡಿ, ದಪ್ಪ ಕಾಗದ, ಕತ್ತಲೆ ಕೋಣೆ.

ಮೊದಲು ಕಾಗದದ ನಡುವೆ 5 ಮಿ.ಮೀ. ಅಗಲದ ತೂತು ಮಾಡಿ. ಬೇಕೆಂದೇ ಚೌಕ ಮಾಡಿ, ಕಾರಣ ಮುಂದಿದೆ. ಕಾಗದವನ್ನು ಕನ್ನಡಿಗೆ ಅಂಟಿಸಿ, ತೂತಿನಷ್ಟು ಕನ್ನಡಿ ಮಾತ್ರ ಕಾಣಲಿ. ಮರಳು ತುಂಬಿದ ಪಾತ್ರೆಯಲ್ಲಿ ಅದನ್ನು ಓರೆಯಾಗಿ ನೆಟ್ಟು, ಬಿಸಿಲನ್ನು ಬಾಗಿಲ ಮೂಲಕ ಒಳಗಿನ ಬಿಳಿ ಗೋಡೆಗೆ ಹಾಯಿಸಿ. ಕೈಯಲ್ಲಿ ಹಿಡಿದರೆ ಬಿಂಬ ನಡುಗುತ್ತದೆ. ಕನ್ನಡಿಯಿಂದ ಗೋಡೆಗೆ 10 ಮೀಟರ್ ಇದ್ದರೆ 9 ಸೆಂ.ಮೀ. ಅಗಲದ ಸೂರ್ಯ ಸಿಗುತ್ತಾನೆ. ದೂರವನ್ನು 108ರಿಂದ ಭಾಗಿಸಿದರೆ ಬಿಂಬದ ಅಗಲ.

ಇದನ್ನು ಗ್ರಹಣದ ಹಿಂದಿನ ದಿನವೇ ಪರೀಕ್ಷಿಸಿ. ಚೌಕ ತೂತಿನ ಬೆಳಕು ಗೋಡೆಯಲ್ಲಿ ಗುಂಡಗೆ ಬಿದ್ದರೆ ಅದು ಸೂರ್ಯನೇ. ಮೂಲೆಗಳು ಕಂಡರೆ ಗೋಡೆ ಹತ್ತಿರವಾಯಿತು, ಕನ್ನಡಿಯನ್ನು ಹಿಂದೆ ಸರಿಸಿ. ಅಂಚು ತೀರಾ ಮಬ್ಬಾದರೆ ತೂತು ದೊಡ್ಡದಾಯಿತು. ಬಿಂಬವೇ ಮಸುಕಾಗಿದ್ದರೆ ಕೋಣೆಯಲ್ಲಿ ಬೆಳಕು ಹೆಚ್ಚಿದೆ, ಕಿಟಕಿಗೆ ಚಾದರ ಕಟ್ಟಿ. ಬಿಂಬ ನಿಮಿಷಕ್ಕೆ ನಾಲ್ಕು ಸೆಂ.ಮೀ.ಗಿಂತ ಹೆಚ್ಚು ಸರಿಯುತ್ತದೆ, ಆದ್ದರಿಂದ ಕನ್ನಡಿ ತಿದ್ದಲು ಒಬ್ಬರು ಹೊರಗಿರಬೇಕು. ಬೆಳಕು ಹಾಯುವ ದಾರಿಯಲ್ಲಿ ನಿಂತು ಕನ್ನಡಿಯತ್ತ ಯಾರೂ, ಮುಖ್ಯವಾಗಿ ಮಕ್ಕಳು, ಇಣುಕದಂತೆ ನಡುವೆ ಬೆಂಚು ಅಡ್ಡ ಇಡಿ.

ಚಂದ್ರಗ್ರಹಣಕ್ಕೆ ಈ ಯಾವ ಸಿದ್ಧತೆಯೂ ಬೇಡ. ಹುಣ್ಣಿಮೆಯ ಚಂದ್ರನೇ ಸೂರ್ಯನಿಗಿಂತ ಸುಮಾರು ನಾಲ್ಕು ಲಕ್ಷ ಪಟ್ಟು ಮಂಕು, ಗ್ರಹಣದಲ್ಲಿ ಇನ್ನೂ ಕಡಿಮೆ. ಬರಿಗಣ್ಣು, ಬೈನಾಕ್ಯುಲರ್, ದೂರದರ್ಶಕ ಯಾವುದರಲ್ಲೂ ನೋಡಬಹುದು. ತಪ್ಪುವುದು ತಾಳ್ಮೆ ಮಾತ್ರ. ಪಂಚಾಂಗವೋ ಪತ್ರಿಕೆಯೋ ಕೊಟ್ಟ ಆರಂಭದ ಸಮಯ ಕೆಲವೊಮ್ಮೆ ಅರೆನೆರಳಿನದ್ದಾಗಿರುತ್ತದೆ, ಆಗ ಅರ್ಧ ಗಂಟೆ ಏನೂ ಬದಲಾಗದು. ದಟ್ಟ ನೆರಳು ಅಂಚು ಕಚ್ಚಿದ ಮೇಲೆ ಅದರ ಬಾಗನ್ನು ಗಮನಿಸಿ, ಅದು ಭೂಮಿಯ ದುಂಡು. ಪೂರ್ತಿ ಮುಳುಗಿದಾಗ ಚಂದ್ರ ಕರಗದೆ ತಾಮ್ರದ ಹಂಡೆಯ ಬಣ್ಣ ತಾಳುವುದು, ನಮ್ಮ ವಾತಾವರಣ ಬಾಗಿಸಿ ಕಳಿಸಿದ ಕೆಂಪು ಬೆಳಕಿನಿಂದ.

2025ರ ಸೆಪ್ಟೆಂಬರ್ 7ರ ರಾತ್ರಿ ಇದು 11.01ರಿಂದ 82 ನಿಮಿಷ ನಡೆಯಿತು. ಸೆಪ್ಟೆಂಬರಿನಲ್ಲಿ ಕರಾವಳಿಯ ಮೋಡವನ್ನು ನಂಬುವಂತಿಲ್ಲ. 2028ರ ಡಿಸೆಂಬರ್ 31ರದ್ದು ಮಳೆಗಾಲದ ಹೊರಗಿದೆ: ರಾತ್ರಿ ಒಂಬತ್ತೂಮುಕ್ಕಾಲರ ಸುಮಾರಿಗೆ ಚಂದ್ರ ಪೂರ್ತಿ ನೆರಳಿಗೆ ಸರಿದು, ಒಂದು ಗಂಟೆಗೂ ಮೀರಿ ಕೆಂಪಗಿದ್ದು, ಹೊಸ ವರ್ಷದ ಪಟಾಕಿ ಶುರುವಾಗುವ ಮುಂಚೆ ಹೊರಬರಲು ತೊಡಗುತ್ತಾನೆ.